ಭಾಷೆ ಪಿನ್ ಕೇಳುವುದಿಲ್ಲ

ನಮ್ಮ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುವವಳನ್ನು ಎಲ್ಲರೂ ರಿಪೇರಿ ಅಕ್ಕ ಎನ್ನುತ್ತಾರೆ. ಅಂಗಡಿ ನನ್ನದು, ಬಾಡಿಗೆ ಕಟ್ಟುವವನು ನಾನು, ಆದರೆ ಬಂದವರು ನನ್ನನ್ನು ಕಂಬದ ಹಾಗೆ ದಾಟಿ ಹೋಗಿ "ಅಕ್ಕ ಇಲ್ವಾ?" ಅಂತ ಕೇಳುತ್ತಾರೆ. ಹನ್ನೊಂದು ವರ್ಷದಿಂದ ಇದೇ ಹಾಡು. ಮೈ ಉರಿಯದೆ ಇನ್ನೇನಾಗುತ್ತದೆ?

ಅಕ್ಕನಿಗೆ ಓದು ಬರುವುದಿಲ್ಲ. ಹಿರಿಯ ಮಗಳು, ಬೆನ್ನಿಗೆ ಮೂವರು ತಮ್ಮಂದಿರು. ಅವರನ್ನು ಎತ್ತಿಕೊಂಡು ತಿರುಗುವುದರಲ್ಲೇ ಶಾಲೆಯ ವಯಸ್ಸು ಕಳೆಯಿತು. ಆಮೇಲೆ ಮೋಟಾರ್ ಕಾರ್ಖಾನೆಯಲ್ಲಿ ತಂತಿ ಸುತ್ತುವ ಕೆಲಸ. ಅದು ಮುಚ್ಚಿದ ಮೇಲೆ ನನ್ನಲ್ಲಿಗೆ ಕಸ ಗುಡಿಸಲು ಬಂದಳು. ಒಂದು ದಿನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ, ಎರಡು ದಿನದಿಂದ ನನ್ನನ್ನು ಗೋಳು ಹೊಯ್ದುಕೊಂಡಿದ್ದ ಸ್ಪೀಕರಿನ ತಂತಿಯನ್ನು ಬೆಸೆದು, ಪೊರಕೆ ಹಿಡಿದು ಏನೂ ಆಗದವಳಂತೆ ನಿಂತಿದ್ದಳು. ಅವತ್ತೇ ಪೊರಕೆ ಬೇರೆಯವರ ಕೈಗೆ ಹೋಯಿತು.

ಎಲ್ಲ ಸರಿಯಾಗಿಯೇ ಇತ್ತು. ಆದರೆ ಈಗೀಗ ಬಿಡಿಭಾಗ ಕಳಿಸುವವರು ಪ್ರತಿಯೊಂದಕ್ಕೂ ಚೀಟಿ ಬರೆಯಬೇಕು ಅನ್ನುತ್ತಾರೆ. ಅಕ್ಕ ಬರೆಯುವುದಿಲ್ಲ. ಅವಳ ಪಾಲಿನದೂ ನಾನೇ ಬರೆದು ಬರೆದು ಬೆರಳು ಸವೆಯಿತು. ಕಲಿ ಎಂದು ಕಾಪಿ ಪುಸ್ತಕ ತಂದುಕೊಟ್ಟೆ. ಅದರ ಹಾಳೆಯ ಮೇಲೆ ಸ್ಕ್ರೂಗಳನ್ನು ಜೋಡಿಸಿಟ್ಟುಕೊಂಡಳು. ಸಾಲದ್ದಕ್ಕೆ, ಚೀನೀ ಭಾಷೆಗೋ ರಷ್ಯನ್ ಭಾಷೆಗೋ ತಿರುಗಿ ಕೂತ ಫೋನುಗಳು ವಾರಕ್ಕೆ ಎರಡಾದರೂ ಬರುತ್ತವೆ. ಅದಕ್ಕೆಂದು ರಾತ್ರಿಯೆಲ್ಲ ಕೂತು ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಎಡಗಡೆ ಚೀನೀ, ಬಲಗಡೆ ರಷ್ಯನ್, ನಡುವೆ ಕನ್ನಡ: ಭಾಷೆ, ಸರಿ, ಬೇಡ, ಅಳಿಸು. ಅಕ್ಕ ಅದನ್ನು ತಲೆಯೆತ್ತಿಯೂ ನೋಡಲಿಲ್ಲ.

ಕೊನೆಗೆ ಬುಧವಾರ, ಅಕ್ಕ ಚಹಾಕ್ಕೆ ಹೋಗಿದ್ದಾಗ, ಬಾಗಿಲ ಗಾಜಿಗೆ ಒಂದು ಕಾಗದ ಅಂಟಿಸಿಬಿಟ್ಟೆ: "ಓದು ಬರಹ ಬಲ್ಲ ಮೊಬೈಲ್ ರಿಪೇರಿಯವರು ಬೇಕಾಗಿದ್ದಾರೆ." ಅವಳ ಜಾಗಕ್ಕೇ. ಎದುರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಹೇಗೂ ಅವಳಿಗೆ ಓದಲು ಬರುವುದಿಲ್ಲವಲ್ಲ ಎಂಬ ಧೈರ್ಯ ಮಾತ್ರ ಇತ್ತು.

ಶುಕ್ರವಾರ ಬೆಳಿಗ್ಗೆ ಎದುರು ಸಾಲಿನ ಟೈಲರ್ ಬೆವರು ಒರೆಸಿಕೊಳ್ಳುತ್ತ ಬಂದ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಫೋನು, ಫೋನಿನ ತುಂಬ ಚೀನೀ ಅಕ್ಷರ.

"ಕನ್ನಡ ಹಾಕೋಣ ಅಂತ ಹೋದೆ ಕಣ್ರೀ, ಏನು ಒತ್ತಿದ್ನೋ ಏನೋ, ಹಿಂಗಾಯ್ತು. ಎರಡು ಗಂಟೆಯಿಂದ ಒದ್ದಾಡ್ತಿದೀನಿ. ಗಿರಾಕಿಗಳ ಅಳತೆಯೆಲ್ಲ ಫೋಟೋ ತೆಗೆದು ಇದರಲ್ಲೇ ಇಟ್ಟಿದೀನಿ, ಬೇರೆಲ್ಲೂ ಬರ್ಕೊಂಡಿಲ್ಲ. ಇವತ್ತು ಹದಿನಾಲ್ಕು ಕೋಟುಗಳಿಗೆ ಬಟ್ಟೆ ಕತ್ತರಿಸ್ಬೇಕು."

ಅಕ್ಕ ಬೇರೊಂದು ಫೋನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. "ಐದು ನಿಮಿಷ ತಡ್ಕೊಳ್ಳಿ ಟೈಲರಣ್ಣ" ಎಂದಳು. ಐದು ನಿಮಿಷ ಯಾಕೆ? ಪಟ್ಟಿ ಇರುವುದು ಇನ್ಯಾತಕ್ಕೆ? ಓದು ಬಲ್ಲವನು ಏನು ಮಾಡಬಲ್ಲ ಎಂದು ಇಬ್ಬರೂ ನೋಡಲಿ ಅನಿಸಿತು. "ಇಲ್ಲಿ ಕೊಡಿ" ಎಂದು ಫೋನು ಇಸಿದುಕೊಂಡೆ.

ಟೈಲರ್ ಎಲ್ಲೆಲ್ಲೋ ಸುತ್ತಿ ಯಾವುದೋ ಪುಟದಲ್ಲಿ ಬಂದು ನಿಂತಿದ್ದ. ಪಟ್ಟಿಯಲ್ಲಿ ಭಾಷೆ ಎಂಬುದಕ್ಕಿರುವ ಚೀನೀ ಪದದ ಮೊದಲ ಅಕ್ಷರದ ಎಡಭಾಗದಲ್ಲಿ ಒಂದು ಚುಕ್ಕೆ, ಅದರ ಕೆಳಗೆ ಒಂದು ಕೊಕ್ಕೆ. ಫೋನಿನ ಪುಟದಲ್ಲೂ ಚುಕ್ಕೆ ಕೊಕ್ಕೆಯ ಅಕ್ಷರ ಕಂಡಿತು, ಅದೂ ಎರಡು ಸಾಲುಗಳಲ್ಲಿ. ಉದ್ದದ ಸಾಲೇ ಇರಬೇಕು ಎಂದು ಅದನ್ನು ಒತ್ತಿದೆ. ಕೆಳಗೊಂದು ಗುಂಡಿ ಬಂತು, ಅದನ್ನೂ ಒತ್ತಿದೆ. ಅಂಕಿಗಳು ಮೂಡಿದವು.

"ಪಿನ್ ಕೇಳ್ತಿದೆ, ಒತ್ತಿ" ಎಂದೆ. ಟೈಲರ್ ಒತ್ತಿದ. ಮತ್ತೊಂದು ಪುಟ ಬಂತು. ಅದರಲ್ಲೂ ಒಂದೇ ಒಂದು ಗುಂಡಿ. ನಾನು ಬೆರಳು ಎತ್ತಿದೆ.

ಅಕ್ಕನ ಕೈ ನನ್ನ ಕೈಗೆ ಅಡ್ಡ ಬಂತು. ಫೋನು ಕಿತ್ತುಕೊಂಡೇ ಬಿಟ್ಟಳು.

"ಪಿನ್ ಕೇಳ್ತಾ ಅದು?"

"ಹೂಂ. ಅದಕ್ಕೇನೀಗ?"

"ಭಾಷೆ ಬದಲಾಯಿಸೋಕೆ ಫೋನು ಯಾವತ್ತೂ ಪಿನ್ ಕೇಳಲ್ಲ ಯಜಮಾನ್ರೇ. ಬೀಗ ಬದಲಾಯಿಸೋವಾಗ ಕೇಳತ್ತೆ, ಇಲ್ಲಾ ಎಲ್ಲಾ ಅಳಿಸೋವಾಗ ಕೇಳತ್ತೆ. ಇದನ್ನೊಂದು ಒತ್ತಿದ್ರೆ ಟೈಲರಣ್ಣನ ಅಳತೆಯೆಲ್ಲ ಗೋವಿಂದ."

ಟೈಲರ್ ಸ್ಟೂಲಿನ ಮೇಲೆ ಕುಸಿದು ಕೂತ. ನಾನು ಪಟ್ಟಿ ನೋಡಿದೆ, ಫೋನು ನೋಡಿದೆ. ಚುಕ್ಕೆ ಕೊಕ್ಕೆ ಇರುವ ಚೀನೀ ಅಕ್ಷರಗಳು ರಾಶಿ ರಾಶಿ ಇರುತ್ತವೆ ಎಂದು ನನಗೆ ಯಾರು ಹೇಳಿದ್ದರು?

ಅಕ್ಕ ಎಡಕ್ಕೆ ತಿರುಗಿದ ತ್ರಿಕೋನ ಒತ್ತಿ ಹಿಂದೆ ಹಿಂದೆ ಸರಿದು, ಫೋನಿನ ಮೊದಲ ಪರದೆಗೆ ಬಂದಳು. ಟೈಲರಿಗೆ ಕಾಣುವ ಹಾಗೆ ಹಿಡಿದು ಹೇಳುತ್ತ ಹೋದಳು.

"ಅಕ್ಷರ ನೋಡೋಕೇ ಹೋಗ್ಬೇಡಿ. ಈ ಹಲ್ಲಿನ ಚಕ್ರ ನೋಡಿ, ಸೆಟ್ಟಿಂಗು. ರಷ್ಯಾದ್ದಾದ್ರೂ ಚಕ್ರ ಚಕ್ರವೇ. ಒಳಗೆ ಹೋಗಿ ತಳಕ್ಕೆ ಎಳೀರಿ. ಬೇರೆ ಕಂಪನಿ ಫೋನಲ್ಲಿ ಜಾಗ ಸ್ವಲ್ಪ ಹಿಂದೆ ಮುಂದೆ ಇರತ್ತೆ, ನಿಮ್ಮದರಲ್ಲಿ ಇಲ್ಲಿ, ಸೊನ್ನೆಯೊಳಗೆ ಒಂದು ಕಡ್ಡಿ, ಮೇಲೊಂದು ಚುಕ್ಕೆ. ಅದನ್ನ ಒತ್ತಿದ್ರೆ ಭೂಮಿ ಗೋಲ ಬರತ್ತೆ. ಗೋಲ ಅಂದ್ರೆ ಭಾಷೆ. ಇಲ್ಲೇ ಕೆಳಗೆ ಸುತ್ತು ಬಾಣ ಇದೆ ನೋಡಿ, ಎಲ್ಲಾ ಅಳಿಸೋದು ಅದೇ, ನೀವು ಹೋಗಿದ್ದು ಅಲ್ಲಿಗೆ. ಅದರ ತಂಟೆಗೆ ಹೋಗ್ಬೇಡಿ."

ಗೋಲ ಒತ್ತಿದಳು, ಮೊದಲ ಸಾಲು ಒತ್ತಿದಳು. ಒಂದು ಎಂಬ ಅಂಕಿಯ ಪಕ್ಕ ಚೀನೀ ಭಾಷೆಯ ಹೆಸರು, ಅದರ ಕೆಳಗೆ ಕೂಡಿಸುವ ಚಿಹ್ನೆ. ಚಿಹ್ನೆ ಮುಟ್ಟಿದ್ದೇ ತಡ, ಲೋಕದ ಭಾಷೆಗಳೆಲ್ಲ ಸಾಲಾಗಿ ಬಂದವು.

"ಇಲ್ಲಿ ಒಂದೊಂದು ಭಾಷೆ ಹೆಸರೂ ಅದರದೇ ಅಕ್ಷರದಲ್ಲಿ ಇರತ್ತಂತೆ. ನಾನು ನಿಧಾನಕ್ಕೆ ಎಳೀತೀನಿ, ನಿಮ್ಮ ಕನ್ನಡ ಕಂಡ ತಕ್ಷಣ ನಿಲ್ಲು ಅನ್ನಿ."

"ನಿಲ್ಲು, ನಿಲ್ಲು. ಬಂತು ಅಕ್ಕ."

ಅದನ್ನು ಒತ್ತಿದಳು. ಕನ್ನಡ ಎರಡನೆಯ ಸಾಲಿನಲ್ಲಿ ಕೂತಿತು, ಫೋನು ಮಾತ್ರ ಚೀನೀಯಲ್ಲೇ ಇತ್ತು. ಟೈಲರ್ ಗಾಬರಿಯಾದ. ಅಕ್ಕ ಸಾಲಿನ ಬಲತುದಿಯ ಗೆರೆಗಳ ಮೇಲೆ ಬೆರಳಿಟ್ಟು ಕನ್ನಡವನ್ನು ಮೇಲಕ್ಕೆ ಎಳೆದಳು. "ಮೊದಲನೇ ಸಾಲಲ್ಲಿ ಕೂತವರದ್ದೇ ಆಟ" ಎಂದಳು. ಪರದೆಯೆಲ್ಲ ಕನ್ನಡವಾಯಿತು.

ಟೈಲರ್ ಮೊದಲು ಫೋಟೋಗಳನ್ನು ತೆರೆದು ನೋಡಿದ. ಎದೆ, ಸೊಂಟ, ತೋಳು, ಹದಿನಾಲ್ಕು ಜನರದ್ದೂ ಇತ್ತು. ಅಕ್ಕನಿಗೆ ಕೈಮುಗಿದು, ನನಗೆ ಮುಗಿಯದೆ, ಬಾಗಿಲಿಗೆ ಹೋದವನು ಗಾಜಿನ ಮೇಲಿನ ಕಾಗದ ನೋಡಿ ನಿಂತ.

"ಓದು ಬರಹ ಬಲ್ಲ ಮೊಬೈಲ್ ರಿಪೇರಿಯವರು ಬೇಕಾಗಿದ್ದಾರೆ" ಎಂದು ದೊಡ್ಡದಾಗಿ ಓದಿದ. "ಅಕ್ಕ, ನೀವೇನು ಬಿಡ್ತಿದೀರಾ?"

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ಅಕ್ಕ ಬಿಚ್ಚಿಟ್ಟಿದ್ದ ಫೋನನ್ನು ಮತ್ತೆ ಕೈಗೆತ್ತಿಕೊಂಡಳು. ಟೈಲರ್ ನಮ್ಮಿಬ್ಬರ ಮುಖ ನೋಡಿ ಮೆಲ್ಲಗೆ ಜಾರಿಕೊಂಡ.

"ಅಕ್ಕ, ಅದು, ಚೀಟಿ ಬರೆಯೋದಕ್ಕೆ ಅಂತ..." ಎಂದೆ.

"ಗೊತ್ತು ಬಿಡಿ."

"ಏನು ಗೊತ್ತು? ಯಾರು ಓದಿ ಹೇಳಿದ್ರು?"

"ಯಾರೂ ಓದ್ಲಿಲ್ಲ. ನಾನು ಚಹಾಕ್ಕೆ ಹೋದಾಗ ಅಂಟಿಸಿದ್ರಿ. ಅವತ್ತಿಂದ ನನ್ನ ಮುಖ ನೋಡಿ ಮಾತಾಡಿಲ್ಲ, ಬೈದೂ ಇಲ್ಲ. ಹನ್ನೊಂದು ವರ್ಷದಲ್ಲಿ ಎರಡು ದಿನ ನೀವು ಬೈಯದೆ ಇದ್ದದ್ದಿಲ್ಲ ಯಜಮಾನ್ರೇ. ಇನ್ನೇನು ಇರತ್ತೆ ಅದರಲ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನಾಚಿಕೆಯಿಂದ ಎದ್ದುಹೋಗಿ ಕಾಗದದ ಅಂಚಿಗೆ ಉಗುರು ಹಾಕಿದೆ. ಎರಡೇ ದಿನದ ಅಂಟು, ಬರಲೊಲ್ಲದು. ಜಗ್ಗಿದರೆ ಅರ್ಧ ಹರಿದು ಕೈಗೆ ಬಂತು, ಉಳಿದರ್ಧ ಗಾಜಿಗೇ ಅಂಟಿಕೊಂಡಿತು.

ಅಕ್ಕ ಪರದೆ ಬಿಡಿಸುವ ತೆಳು ಬ್ಲೇಡನ್ನು ತಂದು ನನ್ನ ಕೈಗೆ ಕೊಟ್ಟಳು.

"ಮೂಲೆಯಿಂದ ನಿಧಾನಕ್ಕೆ ಬನ್ನಿ" ಎಂದು ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಳು.