ತಂಗಳನ್ನದ ಬಡ್ತಿ

ಎಂಬತ್ತರ ದಶಕದ ಮಧ್ಯದಲ್ಲಿ ನಾನು ಪುಣೆಯ ಒಂದು ಆಸ್ಪತ್ರೆಯ ಸಕ್ಕರೆ ಕಾಯಿಲೆ ವಿಭಾಗದಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಅಲ್ಲಿ ಬಿಳಿ ಕೋಟು. ಮನೆಯಲ್ಲಿ ಮಾತ್ರ ಸೊಸೆ. ರಾತ್ರಿ ಉಳಿದ ಅನ್ನ ಫ್ರಿಜ್ಜಿಗೆ ಹೋಗಿ ಬೆಳಗ್ಗೆ ನನ್ನ ತಟ್ಟೆಗೆ ಬರುತ್ತಿತ್ತು. ಬಿಸಿ ಅನ್ನ ಗಂಡನಿಗೆ ಮತ್ತು ಅತ್ತೆಗೆ. ಅತ್ತೆಗೆ ಸಕ್ಕರೆ ಕಾಯಿಲೆ, ಮೇಲಾಗಿ ಕಾಲಿನ ಹೆಬ್ಬೆರಳಲ್ಲಿ ಮಾಯದ ಹುಣ್ಣು.

ನಮ್ಮ ಡಾಕ್ಟರು ಆಗ ಒಂದು ಪ್ರಯೋಗ ಶುರು ಮಾಡಿದ್ದರು. ರೋಗಿಗೆ ಒಂದು ದಿನ ಬಿಸಿ ಅನ್ನ, ಇನ್ನೊಂದು ದಿನ ಅಷ್ಟೇ ತೂಕದ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು ಬೆಚ್ಚಗೆ ಮಾಡಿದ ಅನ್ನ. ಅತ್ತೆಯೂ ಬಂದರು. ಎರಡನೆಯ ಸಲ ಅವರ ಸಕ್ಕರೆ ಕಡಿಮೆ ಏರಿತು. ಅನ್ನ ಆರಿದಾಗ ಅದರ ಪಿಷ್ಟದಲ್ಲಿ ಒಂದು ಪಾಲು ಮತ್ತೆ ಬಿಗಿಯಾಗಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಜಾರುತ್ತದೆ, ಬೆಚ್ಚಗೆ ಮಾಡಿದರೂ ಅದು ಪೂರ್ತಿ ಸಡಿಲವಾಗುವುದಿಲ್ಲ ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಉಳಿದದ್ದೆಲ್ಲ ಎಂದಿನಂತೆ ಸಕ್ಕರೆಯೇ, ಆದ್ದರಿಂದ ಹೆಚ್ಚು ತಿನ್ನಬೇಡಿ, ಗುಳಿಗೆ ಬಿಡಬೇಡಿ ಎಂದೂ ಹೇಳಿದರು. ಅತ್ತೆ ಮೊದಲ ಅರ್ಧ ಮಾತ್ರ ಮನೆಗೆ ತಂದರು.

ಮರುದಿನವೇ ತಂಗಳನ್ನಕ್ಕೆ ಬಡ್ತಿ ಸಿಕ್ಕಿತು. ಇಷ್ಟು ದಿನ ನನ್ನ ಯೋಗ್ಯತೆಗೆ ತಕ್ಕದ್ದಾಗಿದ್ದ ಅನ್ನ ಈಗ ಅವರ ಔಷಧ. ಒಗ್ಗರಣೆ ಹಾಕಿಸಿ ತಟ್ಟೆ ತುಂಬ ತಿಂದರು. ನನಗೆ ಬಿಸಿ ಅನ್ನ ಸಿಗಬಹುದೆಂದು ಆಸೆಪಟ್ಟೆ, ಎಂಥ ಪೆದ್ದಿ ನಾನು! ನನ್ನ ಪಾಲಿಗೆ ಪಾತ್ರೆಯ ತಳಕ್ಕೆ ಅಂಟಿದ್ದು ಬಂತು.

ಕೆಲವೇ ದಿನಗಳಲ್ಲಿ ಗುಳಿಗೆಯ ಡಬ್ಬಿ ಮುಟ್ಟುವುದನ್ನೂ ಬಿಟ್ಟರು.

"ಅತ್ತಿ, ಗುಳಿಗಿ ಬಿಡಬ್ಯಾಡ್ರಿ. ಅನ್ನಾನೂ ಭಾಳ ಆತು. ಬೆರಳು ಕೆಡ್ತದ."

"ನಾ ತಿನ್ನೋದು ನೋಡಿ ನಿನಗ ಹೊಟ್ಟಿಕಿಚ್ಚು. ನಿನ್ನ ಕೂಳು ಕಸಗೊಂಡೆ ಅಂತ ಸಿಟ್ಟು ಹೌದಿಲ್ಲೋ?"

ಗಂಡನಿಗೆ ಹೇಳಿದೆ. "ಅವ್ವ ಖುಷಿಲೆ ಉಣ್ಣಾಕತ್ತಾಳ, ಬಿಡು" ಎಂದು ಬಿಸಿ ಅನ್ನ ಕಲಸಿಕೊಂಡ. ಅವನ ತಟ್ಟೆ ಎತ್ತಿ ಗೋಡೆಗೆ ಬಡಿಯಬೇಕೆನಿಸಿತು.

ಹುಣ್ಣು ಕಪ್ಪಾಯಿತು. ಅತ್ತೆಯನ್ನು ನಮ್ಮ ಆಸ್ಪತ್ರೆಗೇ ಹೊತ್ತು ತಂದರು. ರಕ್ತ ನಾನೇ ತೆಗೆದೆ, ಸಕ್ಕರೆ ಎಲ್ಲೋ ಮೇಲೆ ಹೋಗಿ ಕೂತಿತ್ತು. ಗುಳಿಗೆ ಬಿಡಲು ಹೇಳಿದವರು ಯಾರು ಎಂದು ಡಾಕ್ಟರು ರೇಗಿದರು. ಅತ್ತೆ ಬೆರಳೆತ್ತಿ ನನ್ನನ್ನು ತೋರಿಸಿದರು. ಎಲ್ಲ ಗೊತ್ತಿದ್ದ ಗಂಡ ಪಕ್ಕದಲ್ಲೇ ನಿಂತು ಕೈಗಡಿಯಾರ ನೋಡಿಕೊಂಡ. ಅವತ್ತೇ ಅತ್ತೆಯ ಕಾಲಿನ ಹೆಬ್ಬೆರಳು ಕತ್ತರಿಸಿದರು.

ಮನೆಗೆ ಬಂದ ಮೊದಲ ಬೆಳಗ್ಗೆ ಅತ್ತೆ ತಮಗೆ ಬಿಸಿ ಅನ್ನ ಬಡಿಸಿಕೊಂಡರು. ಫ್ರಿಜ್ಜಿನಿಂದ ತರಿಸಿದ ಡಬ್ಬಿಯನ್ನು ನನ್ನತ್ತ ತಳ್ಳಿದರು.

"ತಗೋ, ನಿನ್ನ ಔಷಧ. ನಿನ್ನ ಬೆರಳಾದರೂ ಉಳೀಲಿ."

ನನಗೆ ಹಸಿವಾಗಿತ್ತು. ಬೆಚ್ಚಗೂ ಮಾಡಿಕೊಳ್ಳದೆ ತಿಂದೆ.