ಬೀದಿಗೆ ಬೆಂಕಿ ಕಾಯಿಸಿದ ಭಟ್ಟಿ

ಚನ್ನಗಿರಿಗೆ ಸೊಸೆಯಾಗಿ ಬಂದ ಮೊದಲ ವಾರವೇ ನನಗೆ ತಿಳಿಯಿತು, ನಮ್ಮ ಯಜಮಾನರು ಬ್ರೆಡ್ಡು ಸುಡುವುದು ಕಸುಬಿಗೆ, ಬೆಂಕಿ ಹಾಕುವುದು ಮೆರವಣಿಗೆಗೆ. ಮನೆಗೆ ಅಂಟಿಕೊಂಡಂತೆ ಇಟ್ಟಿಗೆಯ ಗುಮ್ಮಟದ ಭಟ್ಟಿ. ಅದರ ಒಳಗೇ ಕಟ್ಟಿಗೆ ಒಟ್ಟಿ ಉರಿ ಹಾಕಬೇಕು, ಇಟ್ಟಿಗೆ ಕಾದ ಮೇಲೆ ಕೆಂಡ ಎಳೆದು ಹಾಕಿ, ಒದ್ದೆ ಗೋಣಿಯಿಂದ ನೆಲ ಒರೆಸಿ, ನಾದಿದ ಹಿಟ್ಟು ತುಂಬಿದ ಡಬ್ಬಿಗಳನ್ನು ಉದ್ದ ಕೈಯ ಹಲಗೆಯ ಮೇಲೆ ಒಳಗೆ ತಳ್ಳಬೇಕು. ಇಷ್ಟೇ ಕೆಲಸ. ಆದರೆ ಜ್ವಾಲೆ ಭಟ್ಟಿಯ ಬಾಯಿಂದ ಒಂದು ಮೊಳ ಹೊರಗೆ ಬಂದು ನಾಲಿಗೆ ಆಡಿಸದಿದ್ದರೆ ನಮ್ಮವರಿಗೆ ಸಮಾಧಾನವಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡಬೇಕು, ಇವರು ಮೀಸೆ ಮೇಲೆ ಕೈ ಹಾಕಬೇಕು.

ಆಮೇಲಿನದು ಇನ್ನೂ ಚೆನ್ನ. ಅಷ್ಟು ಉರಿ ಹಾಕಿದ ಭಟ್ಟಿಯಲ್ಲಿ ಬ್ರೆಡ್ಡು ಇಟ್ಟರೆ ಕರಿಕಲಾಗುತ್ತದೆ. ಆದ್ದರಿಂದ ಬಾಯಿ ತೆರೆದಿಟ್ಟು, ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ, ಅದು ಆರುವುದನ್ನು ಕಾಯುತ್ತಿದ್ದರು. ಕಾಯಿಸಲು ಎರಡು ಹೊರೆ ಕಟ್ಟಿಗೆ, ಆರಿಸಲು ಎರಡು ಬೀಡಿ.

ನನ್ನ ತವರು ಜಗಳೂರಿನ ಕಡೆ. ಅಲ್ಲಿ ಮರ ಕಾಣಬೇಕಾದರೆ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು. ನಮ್ಮವ್ವ ಕಡಲೆಕಾಯಿ ಸಿಪ್ಪೆ, ಕುರಿ ಹಿಕ್ಕೆ, ಮೂರು ಕಡ್ಡಿ ಇಟ್ಟುಕೊಂಡು ಎಂಟು ಜನರ ರೊಟ್ಟಿ ಬೇಯಿಸುತ್ತಿದ್ದಳು. ಅಂಥವಳ ಮಗಳು ಸುಮ್ಮನಿರುವುದು ಹೇಗೆ?

“ನೀವು ಬ್ರೆಡ್ಡು ಸುಡ್ತೀರೋ, ಬೀದಿಗೆ ಬೆಂಕಿ ಕಾಯಿಸ್ತೀರೋ?” ಎಂದು ಕೇಳಿಬಿಟ್ಟೆ.

“ಕಡ್ಡಿ ಎಣಿಸೋ ಊರಿನೋಳು ಭಟ್ಟಿ ವಿಚಾರ ಮಾತಾಡಾಕೆ ಬಂದಾಳೆ,” ಎಂದು ಅವರು ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿ ನಗಿಸಿದರು. ನಾನೂ ನಕ್ಕೆ. ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಎರಡನೇ ಮಹಾಯುದ್ಧ ಬಂತು. ಪೆಟ್ರೋಲು ಸಿಗದೆ ಬಸ್ಸುಗಳೂ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಲ್ಲಿ ಕೆಮ್ಮುತ್ತ ಓಡಾಡತೊಡಗಿದವು. ಕಾಡಿನ ಕಟ್ಟಿಗೆಯೆಲ್ಲ ಇದ್ದಿಲು ಸುಡುವವರ ಪಾಲಾಯಿತು. ನಮಗೆ ವಾರಕ್ಕೊಂದು ಬರುತ್ತಿದ್ದ ಗಾಡಿ ಹದಿನೈದು ದಿನಕ್ಕೊಂದು ಆಯಿತು, ಅದೂ ಹಸಿ ಕಟ್ಟಿಗೆ. ಮೊದಲ ಸಲ ಎಂಟು ದಿನದಲ್ಲೇ ಎಲ್ಲ ಮುಗಿದು, ಉಳಿದ ದಿನ ಭಟ್ಟಿ ತಣ್ಣಗೆ ಕೂತಿತು.

ರಂಜಾನ್ ಹಬ್ಬಕ್ಕೆ ಹದಿನೈದು ದಿನ ಇದ್ದಾಗ ಮುಂದಿನ ಗಾಡಿ ಬಂತು. ಯಜಮಾನರು ಅದರ ಮುಂದೆ ನಿಂತು, “ಇದು ಹಬ್ಬದ ತನಕ ಬಂದ್ರೆ ಬಂತು. ಹಬ್ಬಕ್ಕೇ ಭಟ್ಟಿ ಆರಿದ್ರೆ ಆಮೇಲೆ ನಮ್ಮ ಬಾಗಿಲಿಗೆ ಯಾರು ಬರ್ತಾರೆ? ದಾವಣಗೆರೆ ಬೇಕರಿಯೋರು ಕೂಲಿಗೆ ಕರೀತಾ ಅದಾರೆ, ಹೋಗ್ತೀನಿ,” ಎಂದರು. ಈ ಸಲ ಮೀಸೆಗೆ ಕೈ ಹೋಗಲಿಲ್ಲ.

ನನಗೆ ಭಯವಾಯಿತು. ಹಾಗೆ ಕೂಲಿಗೆ ಹೋದ ಗಂಡಂದಿರು ನಮ್ಮ ಓಣಿಯಲ್ಲೇ ಇಬ್ಬರಿದ್ದರು. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದರು, ಆಮೇಲೆ ಹಬ್ಬಕ್ಕೆ, ಆಮೇಲೆ ಅವರ ಸುದ್ದಿ ಮಾತ್ರ ಬರುತ್ತಿತ್ತು. ನನ್ನ ಗಂಡ ಬಡಾಯಿಕೋರರು, ನಿಜ. ಆದರೆ ಅವರ ಬಡಾಯಿ ಕೇಳದೆ ನನಗೆ ಊಟ ಸೇರುತ್ತಿರಲಿಲ್ಲ.

“ಹದಿನೈದು ದಿನ ನಾ ಹೇಳಿದಂಗೆ ಮಾಡ್ರಿ. ಆಮೇಲೆ ಬೇಕಾದ್ರೆ ಹೋಗ್ರಿ,” ಎಂದೆ.

ಮೊದಲು ಕಟ್ಟಿಗೆಯನ್ನು ಸಣ್ಣಗೆ ಸೀಳಿಸಿದೆ. ಹಸಿ ಕಟ್ಟಿಗೆ ಉರಿಸಿದರೆ ಅರ್ಧ ಕಾವು ಅದರ ನೀರು ಆರಿಸುವುದಕ್ಕೇ ಹೋಗುತ್ತದೆ, ಉಳಿದರ್ಧ ಕಣ್ಣೀರು ತರಿಸುವುದಕ್ಕೆ. ಕೆಂಡವೆಲ್ಲ ತೆಗೆದ ಮೇಲೆ ಗುಮ್ಮಟದ ಬೆನ್ನ ಮೇಲೆ ನಾಳೆಯ ಕಟ್ಟಿಗೆ ಹರಡಿ ಒಣಗಿಸಿದೆ. ಉರಿ ಎಷ್ಟು ಸಾಕೆಂದು ತಿಳಿಯಲು ಭಟ್ಟಿಯ ನೆಲಕ್ಕೆ ಚಿಟಿಕೆ ಹಿಟ್ಟು ಎಸೆಯುವುದು: ತಟ್ಟನೆ ಕಪ್ಪಾದರೆ ಅತಿಯಾಯಿತು, ನಿಧಾನಕ್ಕೆ ಕೆಂಪಾದರೆ ಹದ. ಆರಲೆಂದು ಕಾಯುವುದು ನಿಂತಿತು.

ದೊಡ್ಡ ಜಗಳವಾದದ್ದು ಬಾಗಿಲಿಗೆ. ಭಟ್ಟಿಯ ಬಾಯಿಗೆಂದು ಕಮ್ಮಾರನಿಂದ ಮಾಡಿಸಿದ ಕಬ್ಬಿಣದ ತಗಡೊಂದಿತ್ತು. ಅದು ಬಲು ಚೆಂದ ಬಂದಿದೆಯೆಂದು ನಮ್ಮವರು ಅದಕ್ಕೆ ಹಸಿರು ಬಣ್ಣ ಬಳಿಸಿ, ಅಕ್ಷರ ಬರೆಸಿ, ಅಂಗಡಿಯ ಮುಂದೆ ಬೋರ್ಡು ಮಾಡಿ ನೇತು ಹಾಕಿದ್ದರು! ಭಟ್ಟಿಗೆ ಹರಿದ ಗೋಣಿ. ಬೋರ್ಡು ಇಳಿಸುವಾಗ ಮನೆಯಿಂದ ಮಗಳನ್ನು ಕಳಿಸುವವರ ಹಾಗೆ ನಿಂತಿದ್ದರು. ಅದನ್ನು ಬಾಯಿಗೆ ಕೂರಿಸಿ ಅಂಚಿಗೆ ಹಸಿಮಣ್ಣು ಮೆತ್ತಿದೆವು. ಬಣ್ಣ ಮೊದಲ ದಿನವೇ ಸುಟ್ಟು ನಾರಿತು.

ಬೀದಿಯವರಿಗೆ ಈಗ ಜ್ವಾಲೆಯಿಲ್ಲ, ಬೋರ್ಡೂ ಇಲ್ಲ. “ಬೇಕರಿ ಮುಚ್ಚೈತೇನ್ರೀ?” ಎಂದು ಕೇಳಲು ಮಾತ್ರ ನಿಲ್ಲುತ್ತಿದ್ದರು. ಆದರೆ ಒಮ್ಮೆ ಹಾಕಿದ ಉರಿಯಲ್ಲಿ ಮೊದಲು ಬ್ರೆಡ್ಡು, ಕಾವು ಇಳಿದ ಮೇಲೆ ಬನ್ನು, ಇನ್ನೂ ಇಳಿದ ಮೇಲೆ ಬಿಸ್ಕತ್ತು, ಕೊನೆಗೆ ಮಾರನೆಯ ಬೆಳಗಿನವರೆಗೆ ಒಳಗೇ ಬಿಟ್ಟರೆ ರಸ್ಕು. ಒಂದೇ ಉರಿಗೆ ನಾಲ್ಕು ಕೆಲಸ.

ಇಷ್ಟಾದರೂ ಹತ್ತನೆಯ ದಿನ ನೋಡಿದರೆ ರಾಶಿ ನಾನು ಅಂದುಕೊಂಡದ್ದಕ್ಕಿಂತ ಕಡಿಮೆಯಿತ್ತು. ನಾನು ಯಜಮಾನರ ಮೇಲೆ ಹರಿಹಾಯ್ದೆ, ಕದ್ದು ಮೆರವಣಿಗೆ ಮಾಡಿದ್ದೀರೆಂದು. ಅವರು ತಣ್ಣಗೆ ಹೇಳಿದರು:

“ಬಿಸ್ಕತ್ತು ಕೆಂಪಾತಾ ಅಂತ ನಿನ್ನೆ ನೀ ಆರು ಸಾರಿ ಬಾಗಿಲು ತೆಗ್ದೆ. ಪ್ರತಿ ಸಾರಿ ಕಾವು ಹೋಗಿ, ರಸ್ಕಿಗೆ ಮತ್ತೆ ಉರಿ ಹಾಕಿದ್ದು ಯಾರಿಗಾಗಿ? ಅದೇನೋ ಅಂತಿದ್ದೆಯಲ್ಲ, ಬೀದಿಗೆ?”

ಅವರು ಹೇಳಿದ್ದು ಸರಿಯಿತ್ತು. ಅಂಥ ದಿನ ನನ್ನ ಜೀವಮಾನದಲ್ಲಿ ಕಡಿಮೆ.

ಹಬ್ಬದ ಹಿಂದಿನ ದಿನ ಒಂದೇ ಉರಿಗಾಗುವಷ್ಟು ಕಟ್ಟಿಗೆ ಉಳಿದಿತ್ತು. ಓಣಿಯ ಹೆಂಗಸರು ನಾನ್‌ಖಟಾಯಿ ಬಿಸ್ಕತ್ತಿನ ಹಿಟ್ಟು ನಾದಿ ತಟ್ಟೆಗಳಲ್ಲಿ ಜೋಡಿಸಿ ನಮ್ಮ ಭಟ್ಟಿಗೆ ತರುವುದು ರೂಢಿ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರುವುದು, ಬಂದವರೆಲ್ಲ ಬಾಗಿಲು ತೆಗೆಸಿ ಇಣುಕುವುದು ಅದಕ್ಕಿಂತ ಹಳೆಯ ರೂಢಿ. ಈ ಸಲ ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಎಲ್ಲರೂ ಬರಬೇಕೆಂದು ಮನೆಮನೆಗೆ ಹೇಳಿ ಬಂದೆ. ಬ್ರೆಡ್ಡು ಇಳಿಸಿದ ಮೇಲೆ ಉಳಿದ ಕಾವಿಗೆ ತಟ್ಟೆಗಳನ್ನೆಲ್ಲ ಒಮ್ಮೆಲೇ ತಳ್ಳಿ, ಬಾಗಿಲಿಗೆ ಮಣ್ಣು ಮೆತ್ತಿ, ಅದರ ಎದುರು ಗೋಣಿ ಹಾಸಿ ನಾನೇ ಕೂತೆ.

ಯಜಮಾನರ ಅಕ್ಕ ಬಂದು, “ಒಂದೇ ಒಂದು ಸಾರಿ ತೆಗಿಯೇ, ನಂದು ಸುಟ್ಟು ಹೋದೀತು,” ಎಂದರು.

“ಆಪಾ, ತೆಗೆದ್ರೆ ಎಲ್ಲಾರ್ದೂ ಹಸಿ ಉಳೀತಾವೆ. ನನ್ನ ಕೈಯಾಗೆ ಇನ್ನೊಂದು ಕಡ್ಡಿ ಇಲ್ಲ.”

ಅವರಿಗೆ ಸಿಟ್ಟು ಬಂತು. ನನಗೋ ಅವರಿಗಿಂತ ಹೆಚ್ಚು ಇಣುಕುವ ಚಪಲ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಮಣ್ಣಿನ ಬಿರುಕಿನಿಂದ ಸಿಹಿಯಾದ ತುಪ್ಪದ ವಾಸನೆ ಬಂದಾಗ ಯಜಮಾನರು ತಲೆಯಾಡಿಸಿದರು. ಬಾಗಿಲು ತೆಗೆದೆವು. ಬಾಯಿಯ ಹತ್ತಿರ ಇದ್ದ ನನ್ನ ತಟ್ಟೆಯೊಂದು ಬೆಳ್ಳಗೆ ಉಳಿದಿತ್ತು, ಬೇರೆಲ್ಲ ಹದವಾಗಿ ಬೆಂದಿದ್ದವು. ಹಬ್ಬ ಸಾಗಿತು.

ಹಬ್ಬವಾದ ಮೂರನೆಯ ದಿನ ದಾವಣಗೆರೆ ಬೇಕರಿಯ ಧಣಿ ತಾವೇ ಇದ್ದಿಲು ಬಸ್ಸಿನಲ್ಲಿ ಬಂದರು, ನಮ್ಮವರನ್ನು ಕರೆದುಕೊಂಡು ಹೋಗಲು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಗೆ ನಮ್ಮವರ ದನಿ ಕೇಳಿಸಿತು:

“ನಾ ಬರಾಂಗಿಲ್ರೀ. ನೀವು ಕಟ್ಟಿಗೆ ಉರಿಸೋದು ಹೆಂಗೆ ಅಂತ ಕಲೀಬೇಕಾದ್ರೆ ಇಲ್ಲೇ ಕುಂತ್ಕೊಳ್ರಿ, ಹೇಳ್ತೀನಿ.”

ಹೇಳಿದರು ಕೂಡ. ಹಿಟ್ಟಿನ ಚಿಟಿಕೆ, ಒಣಗಿಸುವುದು, ಮಣ್ಣು ಮೆತ್ತುವುದು, ಎಲ್ಲ. ಧಣಿ ಬೆರಗಾಗಿ, “ಯಾರು ಕಲಿಸಿದ್ರು ನಿಮಗೆ ಇದ್ನೆಲ್ಲ?” ಎಂದರು.

“ಕಲಿಸೋದೇನು? ಸ್ವಂತ ತಲೆ ಓಡಿಸ್ಬೇಕು,” ಎಂದು ನನ್ನ ಗಂಡ ಮೀಸೆ ತಿರುವಿದರು.

ಕೈಯಲ್ಲಿದ್ದ ಚಹಾವನ್ನು ಅವರ ತಲೆಯ ಮೇಲೇ ಸುರಿಯಬೇಕೆನಿಸಿತು. ಇಬ್ಬರಿಗೂ ಲೋಟ ಕೊಟ್ಟು, ಬಾಗಿಲ ಹಿಂದೆ ನಿಂತು, ಅವರ ಸುಳ್ಳನ್ನೆಲ್ಲ ಕೊನೆಯವರೆಗೂ ಕೇಳಿದೆ.