ಆಪಾ ಹೇಳಿದ ರಿವಾಜು

ಹಸಿರು ರೇಷ್ಮೆಯ ಅಂಚಿನಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ. ದರ್ಜಿ ಅದರ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಉಜ್ಜುತ್ತಿದ್ದ. ಚಿಕ್ಕಪ್ಪನ ಮಗಳ ನಿಕಾಹ್‌ಗೆ ಹೊಲಿಸಿದ ಬಟ್ಟೆ ತರಲು ನಿನ್ನೆ ಶಿವಮೊಗ್ಗದ ಆ ಅಂಗಡಿಗೆ ಹೋಗಿದ್ದೆ. ಎಣ್ಣೆಯ ವಾಸನೆಗೆ ಆಪಾ ನೆನಪಾದರು...

ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಕ್ವಾರ್ಟರ್ಸ್ ಹಿಂದಿನ ಬಾಡಿಗೆ ಮನೆಯಲ್ಲಿ ಅವರಿದ್ದರು; ಹಿರಿಯಕ್ಕ ಎಂಬರ್ಥದಲ್ಲಿ ನಾವೆಲ್ಲ ಆಪಾ ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ, ಮದುವೆಯಲ್ಲಿ ಅತ್ತೆಮನೆಯವರು ತೊಡಿಸಿದ್ದ ಬಳೆಗಳನ್ನು ಮಾರಿ ಯಂತ್ರ ಕೊಂಡಿದ್ದರು. ಹೊಲಿಯುತ್ತಲೇ ನಮಗೆ, ಹುಡುಗಿಯರಿಗೆ, ಧರ್ಮಶಾಸ್ತ್ರ ಹೇಳಿಕೊಡುತ್ತಿದ್ದರು. ನನಗೆ ಹೆಚ್ಚು ಹಿಡಿಸಿದ್ದು ಉರ್ಫ್, ಅಂದರೆ ಜನರ ರೂಢಿ. ಇನ್ನೂ ಇಲ್ಲದ ವಸ್ತುವನ್ನು ಮಾರಬಾರದು. ಆದರೂ ಚಪ್ಪಲಿ ಹೊಲಿಯಲು ಹೇಳಿ ಮುಂಗಡ ಕೊಡುವುದು ಸರಿ, ಏಕೆಂದರೆ ಎಲ್ಲರೂ ಹಾಗೆ ಮಾಡುತ್ತ ಬಂದಿದ್ದಾರೆ. ಮೆಹರ್‌ನಲ್ಲಿ, ಗಂಡು ಹೆಣ್ಣಿಗೆ ಕೊಡಬೇಕಾದ ವಧುಧನದಲ್ಲಿ, ಎಷ್ಟು ಕೂಡಲೇ, ಎಷ್ಟು ಆಮೇಲೆ ಎಂದು ಮಾತಾಗದಿದ್ದರೆ ಊರಿನ ರೂಢಿಯೇ ತೀರ್ಮಾನಿಸುತ್ತದೆ. ಕುರಾನ್, ಹದೀಸಿನ ಸ್ಪಷ್ಟ ಮಾತಿಗೆ ರೂಢಿ ಎದುರಾಗಬಾರದು. ಕರಾರಿನ ಹೊತ್ತಿಗೇ ಅದು ಬಳಕೆಯಲ್ಲಿರಬೇಕು, ಆಮೇಲೆ ಬಂದ ರೂಢಿ ಲೆಕ್ಕಕ್ಕಿಲ್ಲ.

ನನ್ನ ಅಕ್ಕನಿಗೆ ತಮ್ಮ ಮೈದುನನ ಮಗನ ಸಂಬಂಧ ತಂದವರೂ ಆಪಾನೇ. ಆಮೇಲೆ ಅವರು ಶಿವಮೊಗ್ಗದಲ್ಲಿ ಅದೇ ಮೈದುನನ ಮನೆ ಸೇರಿದರು.

ಕೆಲವು ವರ್ಷಗಳಲ್ಲಿ ಅಕ್ಕನಿಗೆ ತಲಾಖ್ ಆಯಿತು. ಮದುವೆಯಲ್ಲಿ ತೊಡಿಸಿದ್ದ ಬಳೆಗಳನ್ನು ಗಂಡನ ಮನೆಯವರು ವಾಪಸು ಕೇಳಿದರು. ಟೈಲರಿಂಗ್ ಕಲಿತಿದ್ದ ಅಕ್ಕನಿಗೆ ಯಂತ್ರ ಕೊಳ್ಳಲು ಇದ್ದ ಆಧಾರ ಆ ಬಳೆಗಳೇ. ಎರಡೂ ಕಡೆಯವರು ಮುಫ್ತಿ ಸಾಹೇಬರ ಮುಂದೆ ಕುಳಿತೆವು.

"ತೊಡಿಸುವಾಗ ಕೊಡುಗೆ ಅಂದ್ರಾ, ಬರೀ ಹಾಕ್ಕೊಳ್ಳೋಕೆ ಅಂದ್ರಾ?" ಎಂದು ಅವರು ಕೇಳಿದರು. ಯಾರೂ ಏನೂ ಅಂದಿರಲಿಲ್ಲ. "ಹಾಗಾದ್ರೆ ಆ ಮನೆತನದ ರಿವಾಜೇ ನೋಡ್ಬೇಕು. ಹಿರಿಯರು ಹೇಳಲಿ."

ನಮಗೆ ಸಮಾಧಾನವಾಯಿತು. ಆ ಮನೆಯ ಹಿರಿಯರೆಂದರೆ ಆಪಾ.

"ನಮ್ಮಲ್ಲಿ ಹಾಕ್ಕೊಳ್ಳೋಕೆ ಅಷ್ಟೇ ಕೊಡೋದು. ಚಿನ್ನ ಮನೇದು," ಎಂದರು ಆಪಾ.

"ಆಪಾ, ನಿಮ್ಮ ಬಳೆ?" ಎಂದೆ.

"ಅದು ಆಗಿನ ಕಾಲ ಮಾರಾಯ್ತಿ. ಕಾಲ ಬದಲಾದ್ರೆ ರಿವಾಜೂ ಬದಲಾಗುತ್ತೆ. ನಾನೇ ಕಲಿಸಿದ್ದಲ್ವಾ ನಿಂಗೆ?"

ಕಲಿಸಿದ್ದರು. ಆದರೆ ರಿವಾಜು ಬದಲಾಗಿರಲಿಲ್ಲ. ಅಕ್ಕನ ಮದುವೆಯ ವರ್ಷವೇ ಆ ಮನೆಯ ದೊಡ್ಡ ಸೊಸೆ ತನ್ನ ಬಳೆ ಮಾರಿದ್ದಳು, ಯಾರೂ ಕೇಳಿರಲಿಲ್ಲ. ಅದನ್ನು ಹೇಳಿದೆ. ದೊಡ್ಡ ಸೊಸೆ ತಲೆತಗ್ಗಿಸಿ ಕುಳಿತಳು. ಮುಫ್ತಿ ಸಾಹೇಬರು ಆಪಾ ಹೇಳಿದ ಮಾತಿನ ಮೇಲೆಯೇ ತೀರ್ಪು ಕೊಟ್ಟರು. ಅಕ್ಕ ಅಲ್ಲೇ ಬಳೆ ತೆಗೆದಿಟ್ಟಳು.

ಆಪಾಗೆ ಬೇರೆ ಸೂರಿರಲಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ಸುಳ್ಳಿಗೆ ನನಗೆ ಕಲಿಸಿದ ಪಾಠವನ್ನೇ ಬಳಸಿದರಲ್ಲ... ಅದನ್ನು ಮಾತ್ರ ಕ್ಷಮಿಸಲು ಆಗುವುದಿಲ್ಲ. ಮತ್ತೆ ಅವರೊಡನೆ ಮಾತಾಡಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ನನಗೆ ಅಷ್ಟು ಚೆನ್ನಾಗಿ ಕಲಿಸಿದವರು ಬೇರೆ ಯಾರೂ ಇಲ್ಲ.

ಇವತ್ತು ಬೆಳಿಗ್ಗೆ, ನಿಕಾಹ್ ಓದಿಸುವ ಮೊದಲು, ಎರಡೂ ಕಡೆಯವರ ಎದುರಿಗೇ ಖಾಜಿಯವರನ್ನು ಕೇಳಿದೆ: "ತೊಡಿಸೋ ಚಿನ್ನ ಹುಡುಗಿಯ ಸ್ವಂತದ್ದು ಅಂತ ನಿಕಾಹ್ ಪತ್ರದಲ್ಲಿ ಸೇರಿಸಿ."

"ರಿವಾಜು ಎಲ್ಲರಿಗೂ ಗೊತ್ತಿರೋದೇ ಅಲ್ವೇನಮ್ಮ?"

"ಗೊತ್ತಿದ್ರೂ ಬರೀರಿ," ಎಂದೆ. ಅವರು ಬರೆದು ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.